ಹೋದ ವರ್ಷದ ತಪ್ಪು ಈ ವರ್ಷ ಸಿಕ್ಕಿದೆ: ಎಲ್ಲಾ ಲೆಕ್ಕ ಮತ್ತೆ ಬರೆಯದೆ ಸರಿಮಾಡೋದು ಹೇಗೆ?

ತಾಳೆಪಟ್ಟಿ
ಒಂದು ಸಣ್ಣ ತಯಾರಿಕಾ ಕಂಪನಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಈಗ ವರ್ಷದ ಎಂಟನೇ ತಿಂಗಳು ನಡೀತಿದೆ. ನಿನ್ನೆ ರಿಪೇರಿ ಖರ್ಚು ಹೋದ ವರ್ಷಕ್ಕಿಂತ ಇಷ್ಟೊಂದು ಕಮ್ಮಿ ಯಾಕೆ ಅಂತ ಹುಡುಕುತ್ತಿದ್ದೆ. ಆಗ ಗೊತ್ತಾಯಿತು, ಈ ವರ್ಷದ್ದು ಕಮ್ಮಿ ಅಲ್ಲ, ಹೋದ ವರ್ಷದ್ದೇ ಜಾಸ್ತಿ. 12 ಲಕ್ಷದ ಹೊಸ ಮಷೀನಿನ ಬಿಲ್ಲನ್ನು ರಿಪೇರಿ ಖಾತೆಗೆ ಹಾಕಿಬಿಟ್ಟಿದ್ದೇವೆ. ಮಷೀನು ಹಾಕಿದ್ದು ಹೋದ ವರ್ಷದ ಏಳನೇ ತಿಂಗಳ ಮೊದಲ ದಿನ. ಆಯಸ್ಸು 10 ವರ್ಷ, ಪ್ರತಿ ತಿಂಗಳು ಸಮನಾಗಿ ಸವಕಳಿ, ಕೊನೆಗೆ ಬೆಲೆ ಸೊನ್ನೆ.

ಹೋದ ವರ್ಷದ ಲೆಕ್ಕ ಮುಗಿದಿದೆ, ಆಡಿಟ್ ಆಗಿದೆ, ನಿರ್ದೇಶಕರ ಸಹಿ ಬಿದ್ದಿದೆ, ತೆರಿಗೆ ರಿಟರ್ನ್ ಕೂಡ ಹೋಗಿದೆ. ಆ ವರ್ಷ ತೆರಿಗೆಗೆ ಮುಂಚಿನ ಲಾಭ 90 ಲಕ್ಷ ತೋರಿಸಿದ್ದೆವು. ಈಗ ಎಲ್ಲಾ ಮತ್ತೆ ಶುರುವಿಂದ ಮಾಡಬೇಕಾ? ನಮ್ಮ ಯಜಮಾನರಿಗೆ ಹೇಳೋಕೆ ಮುಂಚೆ ಇಲ್ಲಿ ಕೇಳೋಣ ಅನಿಸಿತು.

ಸುಮ್ನೆ_ಬಂದೆ
ವರ್ಷ ಅನ್‌ಲಾಕ್ ಮಾಡಿ, ಎಂಟ್ರಿ ಬದಲಾಯಿಸಿ, ಮತ್ತೆ ಲಾಕ್ ಮಾಡಿ. ಐದು ನಿಮಿಷದ ಕೆಲಸ.

ಜಮಾಖರ್ಚು
ದಯವಿಟ್ಟು ಆ ಕೆಲಸ ಮಾತ್ರ ಮಾಡಬೇಡಿ. ನಾನು ಮಾಡಿ ಅನುಭವಿಸಿದ್ದೇನೆ.

ಹಿಂದೆ ಒಂದು ಕಡೆ ಕೆಲಸದಲ್ಲಿದ್ದಾಗ ಹೀಗೇ ಮುಚ್ಚಿದ ವರ್ಷ ತೆಗೆದು ಒಂದು ಬಿಲ್ಲಿನ ಖಾತೆ ಬದಲಾಯಿಸಿದೆ. ಸಾಫ್ಟ್‌ವೇರ್ ಪಾಡಿಗೆ ಅದು ಸವಕಳಿಯನ್ನು ಮತ್ತೆ ಲೆಕ್ಕ ಹಾಕಿತು, ಈ ವರ್ಷದ ಆರಂಭದ ಬಾಕಿಗಳೆಲ್ಲ ಜರುಗಿದವು. ವರ್ಷದ ಕೊನೆಯಲ್ಲಿ ಆಡಿಟರ್ ಸಹಿಯಾದ ಬ್ಯಾಲೆನ್ಸ್ ಶೀಟ್ ಪಕ್ಕಕ್ಕೆ ಇಟ್ಟುಕೊಂಡು ಕೇಳಿದ್ರು, "ಹೋದ ಸಲದ ಮುಕ್ತಾಯ ಬಾಕಿ ಇದು, ಈ ಸಲದ ಆರಂಭ ಬಾಕಿ ಅದು, ಎರಡೂ ಒಂದೇ ಇರಬೇಕಲ್ವಾ?" ಅಷ್ಟು ಹೊತ್ತಿಗೆ ನಾನು ಏನು ಮಾಡಿದ್ದೆ ಅನ್ನೋದು ನನಗೇ ಮರೆತಿತ್ತು. ವ್ಯತ್ಯಾಸ ಹುಡುಕೋಕೆ ಎರಡು ವಾರ ಹಿಡಿಯಿತು.

ಸಹಿಯಾದ ವರ್ಷವನ್ನು ಮುಟ್ಟಬಾರದು. ಸರಿಪಡಿಸುವ ಎಂಟ್ರಿ ಈ ವರ್ಷದ ಪುಸ್ತಕದಲ್ಲೇ, ಈ ವರ್ಷದ ತಾರೀಕಿನಲ್ಲೇ ಬೀಳಬೇಕು.

ಹಳೇ_ಗುಮಾಸ್ತ
ಇಷ್ಟಕ್ಕೆ ಯಾಕೆ ಗಾಬರಿ? ಮಷೀನು ಖಾತೆಗೆ ಡೆಬಿಟ್, "ಹಿಂದಿನ ಅವಧಿಯ ಬಾಬ್ತು" ಅಂತ ಒಂದು ಸಾಲು ಮಾಡಿ ಈ ವರ್ಷದ ಲಾಭ-ನಷ್ಟ ಖಾತೆಗೆ ಕ್ರೆಡಿಟ್. ಕೆಳಗೆ ಒಂದು ಟಿಪ್ಪಣಿ. ನಾವು ಮೂವತ್ತು ವರ್ಷ ಹೀಗೇ ಮಾಡಿಕೊಂಡು ಬಂದಿದ್ದೇವೆ. ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್‌ನಲ್ಲೂ ಇದಕ್ಕೆ ಅವಕಾಶ ಇದೆ.

ಶಿಲ್ಕುಬಾಕಿ
ಗುಮಾಸ್ತರು ಹೇಳಿದ್ದು ಒಂದು ಕಾಲಕ್ಕೆ ನಿಜ ಸರ್. ಐಎಎಸ್ 8 ಅನ್ನೋ ಅಂತಾರಾಷ್ಟ್ರೀಯ ಲೆಕ್ಕದ ಸ್ಟ್ಯಾಂಡರ್ಡ್‌ನಲ್ಲಿ ಮೊದಲು ಹಾಗೊಂದು ಪರ್ಯಾಯ ದಾರಿ ಇತ್ತು. 2003ರಲ್ಲಿ ಅದನ್ನು ತಿದ್ದಿ ಬರೆದಾಗ ಆ ದಾರಿ ಮುಚ್ಚಿದರು, 2005ರಿಂದ ಅದು ಜಾರಿಯಲ್ಲಿದೆ. ತಪ್ಪು ದೊಡ್ಡದಾಗಿದ್ದರೆ ಈ ವರ್ಷದ ಲಾಭಕ್ಕೆ ಅದನ್ನು ತರುವಂತಿಲ್ಲ. ಸಣ್ಣದಾಗಿದ್ದರೆ ಈಗಲೂ ಈ ವರ್ಷದಲ್ಲೇ ಮುಗಿಸಬಹುದು, ಯಾರೂ ಕೇಳೋದಿಲ್ಲ. ಕೆಲವು ದೇಶಗಳ ಸ್ವಂತ ಸ್ಟ್ಯಾಂಡರ್ಡ್‌ಗಳಲ್ಲಿ ಇನ್ನೂ ಹಳೇ ಪದ್ಧತಿ ಇದೆ, ಹಾಗಾಗಿ ತಾಳೆಪಟ್ಟಿಯವರು ಯಾವ ಸ್ಟ್ಯಾಂಡರ್ಡ್ ಪಾಲಿಸ್ತಾರೆ ಅನ್ನೋದು ಮೊದಲು ಹೇಳಬೇಕು.

ತಾಳೆಪಟ್ಟಿ
ಐಎಎಸ್ ಪ್ರಕಾರವೇ ಸರ್. ತೆರಿಗೆ ದರ 25% ಅಂತ ಇಟ್ಟುಕೊಳ್ಳಿ. ತೆರಿಗೆಯಲ್ಲೂ ಸವಕಳಿ ಇದೇ ದರ, ಅಲ್ಲಿ ವ್ಯತ್ಯಾಸ ಇಲ್ಲ. ರಿಟರ್ನ್‌ನಲ್ಲೂ 12 ಲಕ್ಷ ಪೂರ್ತಿ ಖರ್ಚು ಅಂತಲೇ ಕಳೆದಿದ್ದೇವೆ.

ಶಿಲ್ಕುಬಾಕಿ
ಸರಿ, ಹಾಗಾದ್ರೆ ಲೆಕ್ಕ ಹಾಕೋಣ.

12 ಲಕ್ಷ, 120 ತಿಂಗಳು, ಅಂದರೆ ತಿಂಗಳಿಗೆ 10,000 ಸವಕಳಿ. ಹೋದ ವರ್ಷ ಆರು ತಿಂಗಳು ಓಡಿದೆ, 60,000. ಅಂದರೆ ಖರ್ಚಾಗಬೇಕಿದ್ದದ್ದು 60,000, ನೀವು ತೋರಿಸಿದ್ದು 12,00,000. ಹೋದ ವರ್ಷದ ಲಾಭ 11,40,000 ಕಮ್ಮಿ ಬಿದ್ದಿದೆ. ಅದರ ಮೇಲೆ 25% ತೆರಿಗೆ 2,85,000 ನೀವು ಕಟ್ಟಬೇಕಿತ್ತು, ಕಟ್ಟಿಲ್ಲ. ಉಳಿದ 8,55,000 ಹಿಂದಿನ ವರ್ಷಗಳ ಉಳಿಕೆ ಲಾಭಕ್ಕೆ ಸೇರಬೇಕು.

ಈ ವರ್ಷದ ಮೊದಲ ದಿನದ ತಾರೀಕಿನಲ್ಲಿ ಒಂದೇ ಜರ್ನಲ್ ಎಂಟ್ರಿ:

ಮಷೀನು ಖಾತೆ, ಡೆಬಿಟ್ 12,00,000
ಕೂಡಿಟ್ಟ ಸವಕಳಿ, ಕ್ರೆಡಿಟ್ 60,000
ಕೊಡಬೇಕಾದ ತೆರಿಗೆ, ಕ್ರೆಡಿಟ್ 2,85,000
ಆರಂಭದ ಉಳಿಕೆ ಲಾಭ, ಕ್ರೆಡಿಟ್ 8,55,000

ರಿಪೇರಿ ಖಾತೆಯನ್ನು ಮುಟ್ಟಲೇ ಇಲ್ಲ, ಗಮನಿಸಿ. ಹೋದ ವರ್ಷದ ರಿಪೇರಿ ಖಾತೆ ವರ್ಷದ ಕೊನೆಗೇ ಸೊನ್ನೆಯಾಗಿ ಉಳಿಕೆ ಲಾಭದೊಳಗೆ ಹೋಗಿ ಕೂತಿದೆ. ಈಗ ರಿಪೇರಿಗೆ 12 ಲಕ್ಷ ಕ್ರೆಡಿಟ್ ಹಾಕಿದರೆ ಈ ವರ್ಷದ ರಿಪೇರಿ ಖರ್ಚು ಮೈನಸ್ ಆಗಿ ಕಾಣುತ್ತೆ. ಬಹಳ ಜನ ಬೀಳೋ ಗುಂಡಿ ಅದೇ.

ಆಮೇಲೆ ಈ ವರ್ಷದ ಮುಗಿದ ಏಳು ತಿಂಗಳಿನ ಸವಕಳಿ 70,000 ನಿಮ್ಮ ಪುಸ್ತಕದಲ್ಲಿ ಇಲ್ಲ. ಅದನ್ನು ಎಂಟನೇ ತಿಂಗಳ ಸವಕಳಿ ಜೊತೆ ಸೇರಿಸಿ ಹಾಕಿ. ಅದು ಈ ವರ್ಷದ ಖರ್ಚೇ, ಉಳಿಕೆ ಲಾಭಕ್ಕೂ ಅದಕ್ಕೂ ಸಂಬಂಧ ಇಲ್ಲ.

ಸುಮ್ನೆ_ಬಂದೆ
ಇಷ್ಟೇನಾ? ಹಾಗಾದ್ರೆ ಮತ್ತೆ ಬರೆಯೋದೇನೂ ಇಲ್ಲ.

ಶಿಲ್ಕುಬಾಕಿ
ಪುಸ್ತಕದಲ್ಲಿ ಇಷ್ಟೇ. ವರ್ಷದ ಕೊನೆಗೆ ವರದಿ ಮಾಡ್ತೀರಲ್ಲ, ಅದರಲ್ಲಿ ಎರಡು ಕಾಲಂ ಇರುತ್ತೆ, ಈ ವರ್ಷದ್ದು, ಹೋದ ವರ್ಷದ್ದು. ಹೋದ ವರ್ಷದ ಕಾಲಂನಲ್ಲಿ ತಪ್ಪು ತಾಗಿರೋ ಸಾಲುಗಳನ್ನಷ್ಟೇ ಸರಿಮಾಡಿ ಅಚ್ಚು ಹಾಕಬೇಕು. ರಿಪೇರಿ, ಸವಕಳಿ, ತೆರಿಗೆ, ಮಷೀನು, ತೆರಿಗೆ ಬಾಕಿ, ಉಳಿಕೆ ಲಾಭ. ಆರೇ ಸಾಲು, ಜೊತೆಗೆ ಅವುಗಳ ಕೆಳಗಿನ ಮೊತ್ತಗಳು. ಮಾರಾಟ, ಸಂಬಳ, ಸಾಲ, ಗಿರಾಕಿಗಳ ಬಾಕಿ ಎಲ್ಲಾ ಹೇಗಿತ್ತೋ ಹಾಗೇ. "ಎಲ್ಲಾ ಮತ್ತೆ ಬರೀಬೇಕು" ಅನ್ನೋ ಭಯಕ್ಕೆ ಕಾರಣವೇ ಇಲ್ಲ. ಹೋದ ವರ್ಷದ ಸಹಿಯಾದ ವರದಿ ಪ್ರತಿ ಕಪಾಟಿನಲ್ಲೇ ಇರಲಿ.

ನೀಲಿಶಾಯಿ
ನಗದು ಹರಿವಿನ ಪಟ್ಟಿ ಮರೆತಿರಿ ಶಿಲ್ಕುಬಾಕಿಯವರೇ 🙂

ಹೋದ ವರ್ಷ ಆ 12 ಲಕ್ಷ ದಿನನಿತ್ಯದ ವ್ಯವಹಾರದ ಖರ್ಚಾಗಿ ಹೋಗಿದೆ. ನಿಜವಾಗಿ ಅದು ಬಂಡವಾಳ ಹೂಡಿಕೆ. ಹಾಗಾಗಿ ಹೋದ ವರ್ಷದ ಕಾಲಂನಲ್ಲಿ ವ್ಯವಹಾರದ ನಗದು 12 ಲಕ್ಷ ಮೇಲೆ ಹೋಗಬೇಕು, ಹೂಡಿಕೆಯ ನಗದು 12 ಲಕ್ಷ ಕೆಳಗೆ. ಒಟ್ಟು ನಗದು ಬದಲಾಗೋದಿಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳೋದಿಲ್ಲ. ಸ್ಥಿರಾಸ್ತಿ ಟಿಪ್ಪಣಿಯಲ್ಲೂ ಆ ಮಷೀನು "ಹೋದ ವರ್ಷ ಸೇರಿದ್ದು" ಅಂತ ಬರಬೇಕು. ಈ ವರ್ಷ ಸೇರಿದ್ದರಲ್ಲಿ ಬಂದರೆ, ಈ ವರ್ಷ ದುಡ್ಡು ಕೊಟ್ಟಿದ್ದೆಲ್ಲಿ ಅಂತ ಆಡಿಟರ್ ಹುಡುಕ್ತಾ ಕೂರ್ತಾರೆ.

ಶಿಲ್ಕುಬಾಕಿ
ಒಪ್ಪಿದೆ ಮೇಡಂ. ಮರೆತಿದ್ದೆ.

ಹಳೇ_ಗುಮಾಸ್ತ
ನೀವು ಸ್ಟ್ಯಾಂಡರ್ಡ್ ಹೇಳಿದ್ದು ಒಪ್ಪಿದೆ. ಆದ್ರೆ ಫಲಿತಾಂಶ ಒಂದೇ ತಾನೇ? ಈ ವರ್ಷದ ಲಾಭದಲ್ಲಿ ಬಂದರೂ ಕೊನೆಗೆ ಸೇರೋದು ಉಳಿಕೆ ಲಾಭಕ್ಕೇ. ಕೊನೆಯ ಬ್ಯಾಲೆನ್ಸ್ ಶೀಟ್‌ನಲ್ಲಿ ಒಂದು ಪೈಸೆ ವ್ಯತ್ಯಾಸ ಇಲ್ಲ. ಸುಮ್ನೆ ಯಾಕೆ ಹಳೇ ಕಾಲಂ ಕೆದಕೋದು?

ನೀಲಿಶಾಯಿ
ಬ್ಯಾಲೆನ್ಸ್ ಶೀಟ್‌ನಲ್ಲಿ ವ್ಯತ್ಯಾಸ ಇಲ್ಲ, ನಿಜ. ಕಥೆಯಲ್ಲಿ ಇದೆ ಸರ್. ತಾಳೆಪಟ್ಟಿಯವರೇ, ಸವಕಳಿ ಎಲ್ಲಾ ಕಳೆದು ಈ ವರ್ಷ ಎಷ್ಟು ಲಾಭ ಬರಬಹುದು?

ತಾಳೆಪಟ್ಟಿ
ಸುಮಾರು 1 ಕೋಟಿ ಅಂದಾಜು. ಈ ಮಷೀನಿನ ಸವಕಳಿಯನ್ನೂ ಕಳೆದ ಮೇಲೆ.

ನೀಲಿಶಾಯಿ
ನೋಡಿ ಹಾಗಾದ್ರೆ. ಗುಮಾಸ್ತರ ದಾರಿಯಲ್ಲಿ ಹೋದ ವರ್ಷ 90 ಲಕ್ಷ, ಈ ವರ್ಷ 111.4 ಲಕ್ಷ. ನೋಡಿದವರು "ಲಾಭ 24% ಏರಿದೆ" ಅಂತಾರೆ. ಸರಿಯಾದ ದಾರಿಯಲ್ಲಿ ಹೋದ ವರ್ಷ 101.4 ಲಕ್ಷ, ಈ ವರ್ಷ 100. ಅಂದರೆ ಲಾಭ ಒಂಚೂರು ಇಳಿದಿದೆ. ಒಂದೇ ಕಂಪನಿ, ಒಂದೇ ಮಷೀನು, ಒಂದು ಕಡೆ ಜೋರು ಏರಿಕೆ, ಇನ್ನೊಂದು ಕಡೆ ಇಳಿಕೆ. ಲಾಭ ನೋಡಿ ಬೋನಸ್ ಕೊಡೋ ಕಡೆ ಆಗಿದ್ರೆ ಈ ತಪ್ಪಿಗೇ ಬೋನಸ್ ಸಿಗ್ತಿತ್ತು.

ಹಳೇ_ಗುಮಾಸ್ತ
ಹ್ಞೂಂ. ಇದು ಯೋಚಿಸಬೇಕಾದ್ದೇ. ಆದ್ರೂ ಪ್ರತಿ ಸಣ್ಣ ಬಿಲ್ಲಿಗೂ ಹೀಗೆ ಮಾಡ್ತಾ ಕೂತ್ರೆ ವರದಿ ಯಾವಾಗ ಮುಗಿಯುತ್ತೆ?

ಖಾತೆಗೀತೆ
5%ಗಿಂತ ಕಮ್ಮಿ ಇದ್ರೆ ಬಿಟ್ಟುಬಿಡಿ. ಅದೇ ರೂಲ್.

ಶಿಲ್ಕುಬಾಕಿ
ರೂಲ್ ಅಲ್ಲ, ರೂಢಿ. ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ 1999ರಲ್ಲೇ ಎಸ್‌ಎಬಿ 99 ಅಂತ ಒಂದು ಸುತ್ತೋಲೆ ಹೊರಡಿಸಿ, ಬರೀ ಶೇಕಡಾ ನೋಡಿ ತಪ್ಪು ಸಣ್ಣದು ಅನ್ನಬೇಡಿ ಎಂದಿತ್ತು. 2% ತಪ್ಪು ನಷ್ಟವನ್ನು ಲಾಭ ಮಾಡಿದರೆ, ಅಥವಾ ಸಾಲ ಕೊಟ್ಟವರ ಷರತ್ತು ದಾಟುವಂತೆ ಮಾಡಿದರೆ ಅದು ಸಣ್ಣದಲ್ಲ. ಇನ್ನೊಂದು ಮಾತು, ಐಎಎಸ್ ಪ್ರಕಾರ ಸಣ್ಣ ತಪ್ಪನ್ನೂ ಬೇಕಂತಲೇ, ಚೆನ್ನಾಗಿ ಕಾಣಿಸೋಕೆ ಬಿಟ್ಟರೆ ಅದು ತಪ್ಪೇ.

ಈ ಕೇಸಿನಲ್ಲಿ 90ಕ್ಕೆ 11.4, ಹನ್ನೆರಡೂವರೆ ಶೇಕಡಾಗಿಂತ ಮೇಲೆ. ಇಲ್ಲಿ ಚರ್ಚೆಯೇ ಇಲ್ಲ.

ಅರ್ಧ_ಕಪ್
ನನ್ನದೂ ಇದೇ ಸಮಸ್ಯೆ! ಹೋದ ವರ್ಷ ಒಬ್ಬ ಗಿರಾಕಿಯಿಂದ 4 ಲಕ್ಷ ಬರಬೇಕಿತ್ತು, ಬರುತ್ತೆ ಅಂತ ತೋರಿಸಿದ್ದೆ. ಈ ವರ್ಷ ಆತ ಬಾಗಿಲು ಹಾಕಿದ. ಹೋದ ವರ್ಷದ ತಪ್ಪು ಅಲ್ವಾ, ನಾನೂ ಉಳಿಕೆ ಲಾಭಕ್ಕೆ ಹಾಕ್ಲಾ?

ಜಮಾಖರ್ಚು
ಇಲ್ಲ ಗುರು, ಅದು ತಪ್ಪಲ್ಲ, ಅದೃಷ್ಟ ಸರಿಯಿಲ್ಲ ಅಷ್ಟೇ. ಈ ವರ್ಷದ ನಷ್ಟ.

ಶಿಲ್ಕುಬಾಕಿ
ಒಂದು ಪ್ರಶ್ನೆ ಕೇಳಿಕೊಳ್ಳಿ. ಹೋದ ವರ್ಷದ ಲೆಕ್ಕಕ್ಕೆ ಸಹಿ ಹಾಕಿದ ದಿನ ನಿಮಗೆ ಏನು ಗೊತ್ತಿತ್ತು, ಅಥವಾ ಸ್ವಲ್ಪ ವಿಚಾರಿಸಿದ್ರೆ ಏನು ಗೊತ್ತಾಗ್ತಿತ್ತು? ಆ ದಿನದ ಮಾಹಿತಿ ಪ್ರಕಾರ ದುಡ್ಡು ಬರುತ್ತೆ ಅನ್ನೋದು ನ್ಯಾಯವಾಗಿದ್ದರೆ ಅದು ಅಂದಾಜು. ಅಂದಾಜು ಬದಲಾದರೆ ಈ ವರ್ಷದ ಲೆಕ್ಕಕ್ಕೆ. ಆತ ಆಗಲೇ ದಿವಾಳಿ ಅರ್ಜಿ ಹಾಕಿದ್ದ ಪತ್ರ ನಿಮ್ಮ ಮೇಜಿನ ಮೇಲೇ ಇತ್ತು, ನೀವು ನೋಡಲಿಲ್ಲ ಅಂದರೆ ಅದು ತಪ್ಪು.

ತಾಳೆಪಟ್ಟಿಯವರ ಬಿಲ್ಲಿನ ಮೇಲೆ "ಹೊಸ ಮಷೀನು" ಅಂತ ಅಚ್ಚಾಗಿತ್ತು ತಾನೇ? ಅಲ್ಲಿ ಅಂದಾಜು ಏನೂ ಇಲ್ಲ. ಅದೇ, ಹತ್ತು ವರ್ಷ ಅಂದುಕೊಂಡ ಮಷೀನು ಏಳೇ ವರ್ಷ ಬಾಳುತ್ತೆ ಅಂತ ಈಗ ಗೊತ್ತಾದರೆ ಅದು ಅಂದಾಜು. ಹಳೇ ವರ್ಷ ಮುಟ್ಟದೆ ಇಲ್ಲಿಂದ ಮುಂದಕ್ಕೆ ಬದಲಾಯಿಸಿದರೆ ಸಾಕು.

ಅರ್ಧ_ಕಪ್
ಪತ್ರ ಇತ್ತಾ ಅಂತ ಈಗ ಹುಡುಕೋಕೇ ಭಯ ಆಗ್ತಿದೆ.

ಕೊನೇಪುಟ
ನನ್ನ ಕೇಸ್ ಬೇರೆ ಥರ. ಸಿಬ್ಬಂದಿಯ ಉಳಿದ ರಜೆಗೆ ಕೊಡಬೇಕಾದ ಹಣವನ್ನು ತೆಗೆದಿಡುವಾಗ ಒಂದು ವಿಭಾಗವೇ ಬಿಟ್ಟುಹೋಗಿದೆ. ನಾಲ್ಕು ವರ್ಷದಿಂದ ವರ್ಷಕ್ಕೆ 2.5 ಲಕ್ಷ ಕಮ್ಮಿ. ನಮ್ಮ ಲಾಭ ವರ್ಷಕ್ಕೆ ಸುಮಾರು 80 ಲಕ್ಷ, ಅಂದರೆ 3% ಆಸುಪಾಸು. ಒಂದೊಂದು ವರ್ಷಕ್ಕೆ ಸಣ್ಣದು ಅಂತ ಬಿಡಬಹುದಾ?

ನೀಲಿಶಾಯಿ
ಇದು ಮಷೀನಿಗಿಂತ ಅಪಾಯ. ವರ್ಷಕ್ಕೆ 2.5 ಲಕ್ಷ ಸಣ್ಣದೇ, ಆದ್ರೆ ಬ್ಯಾಲೆನ್ಸ್ ಶೀಟ್‌ನಲ್ಲಿ ಹೊಣೆ 10 ಲಕ್ಷ ಕಮ್ಮಿ ಕೂತಿದೆ. ಇವತ್ತು ಒಂದೇ ಏಟಿಗೆ ಸರಿಮಾಡಿದರೆ ಈ ವರ್ಷದ ಲಾಭಕ್ಕೆ 12.5% ಹೊಡೆತ. ಸರಿಮಾಡದೆ ಬಿಟ್ಟರೆ ಮುಂದಿನ ವರ್ಷ ಇನ್ನೂ ದೊಡ್ಡದು.

ಹಿಂದೆ ಇದನ್ನು ಅಳೆಯೋಕೆ ಎರಡು ದಾರಿ ಇತ್ತು. ಒಂದರಲ್ಲಿ ಈ ವರ್ಷದ ಲಾಭಕ್ಕೆ ಎಷ್ಟು ತಪ್ಪು ಬಂತು ಅಂತ ಮಾತ್ರ ನೋಡ್ತಿದ್ದರು, ಅದಕ್ಕೆ ರೋಲ್‌ಓವರ್ ಅಂತ ಹೆಸರು. ಇನ್ನೊಂದರಲ್ಲಿ ವರ್ಷದ ಕೊನೆಯ ಬ್ಯಾಲೆನ್ಸ್ ಶೀಟ್‌ನಲ್ಲಿ ಒಟ್ಟು ಎಷ್ಟು ತಪ್ಪು ಉಳಿದಿದೆ ಅಂತ ನೋಡ್ತಿದ್ದರು, ಅದು ಐರನ್ ಕರ್ಟನ್. ತಮಗೆ ಅನುಕೂಲವಾದ ಒಂದನ್ನೇ ಹಿಡಿದು ಎಷ್ಟೋ ಕಂಪನಿಗಳು ವರ್ಷಗಟ್ಟಲೆ ತಪ್ಪು ಕೂಡಿಸಿಕೊಂಡು ಹೋದವು. 2006ರಲ್ಲಿ ಎಸ್‌ಇಸಿ ಎಸ್‌ಎಬಿ 108 ತಂದು ಎರಡೂ ದಾರಿಯಲ್ಲಿ ಅಳೆಯಿರಿ, ಯಾವುದರಲ್ಲಿ ದೊಡ್ಡದಾದರೂ ಸರಿಮಾಡಿ ಎಂದಿತು. ಅದು ಅಮೆರಿಕದ ನಿಯಮ, ಆದ್ರೆ ತರ್ಕ ಎಲ್ಲಾ ಕಡೆ ನಡೆಯುತ್ತೆ.

ಕೊನೇಪುಟ
ಅಂದರೆ ನಾಲ್ಕು ವರ್ಷದ ವರದಿ ಮತ್ತೆ ಮಾಡಬೇಕಾ? ಸತ್ತೆ.

ನೀಲಿಶಾಯಿ
ಇಲ್ಲ ಮಾರಾಯ್ರೇ. ವರದಿಯಲ್ಲಿ ಇರೋದು ಎರಡೇ ಕಾಲಂ. ಹೋದ ವರ್ಷದ 2.5 ಲಕ್ಷ ಹೋದ ವರ್ಷದ ಕಾಲಂಗೆ. ಅದಕ್ಕೂ ಹಿಂದಿನ ಮೂರು ವರ್ಷದ 7.5 ಲಕ್ಷವನ್ನು ಒಟ್ಟಿಗೆ ಹೋದ ವರ್ಷದ ಆರಂಭದ ಉಳಿಕೆ ಲಾಭದಿಂದ ಕಳೆದರೆ ಮುಗೀತು. ತೆರಿಗೆಯ ಪಾಲು ಬೇರೆ ನೋಡಿ. ಆ ಆರಂಭದ ಬಾಕಿ ಗಮನಾರ್ಹವಾಗಿ ಬದಲಾದರೆ, ಹೋದ ವರ್ಷದ ಮೊದಲ ದಿನದ ಬ್ಯಾಲೆನ್ಸ್ ಶೀಟನ್ನು ಮೂರನೇ ಕಾಲಂ ಆಗಿ ಕೊಡಬೇಕು. ತಾಳೆಪಟ್ಟಿಯವರಿಗೆ ಆ ಮೂರನೇ ಕಾಲಂ ಬೇಡ, ಅವರ ತಪ್ಪು ಹೋದ ವರ್ಷದ ಒಳಗೇ ಹುಟ್ಟಿದ್ದು.

ಖಾತೆಗೀತೆ
ತಾನಾಗೇ ಸರಿಹೋಗೋ ತಪ್ಪುಗಳೂ ಇವೆ, ಅದನ್ನ ಯಾರೂ ಹೇಳ್ತಿಲ್ಲ. ಹೋದ ವರ್ಷದ ಕೊನೆಯ ದಾಸ್ತಾನು ಎಣಿಸುವಾಗ 3 ಲಕ್ಷ ಜಾಸ್ತಿ ತೋರಿಸಿದ್ವಿ. ಹೋದ ವರ್ಷ ಲಾಭ 3 ಲಕ್ಷ ಜಾಸ್ತಿ. ಅದೇ ದಾಸ್ತಾನು ಈ ವರ್ಷದ ಆರಂಭಕ್ಕೆ ಬರುತ್ತೆ, ಹಾಗಾಗಿ ಈ ವರ್ಷ 3 ಲಕ್ಷ ಕಮ್ಮಿ. ವರ್ಷದ ಕೊನೆಗೆ ಎಣಿಕೆ ಸರಿಯಾದ್ರೆ ಎಲ್ಲಾ ಸಮ. ಏನೂ ಮಾಡಬೇಕಿಲ್ಲ.

ಜಮಾಖರ್ಚು
ಏನೂ ಮಾಡಬೇಕಿಲ್ಲ ಅನ್ನೋದು ಒಪ್ಪಲ್ಲ. ಎರಡು ವರ್ಷದ ಮೊತ್ತ ಸಮ, ಆದ್ರೆ ಒಂದೊಂದು ವರ್ಷವೂ ತಪ್ಪು. ಎರಡು ತಪ್ಪು ಎದುರುಬದುರು ನಿಂತರೆ ಎರಡೂ ಸರಿ ಅಂತ ಆಗಲ್ಲ. ನಡುವಲ್ಲೇ ಸಿಕ್ಕಿದೆ ಅಂದ್ರೆ ಆರಂಭದ ಉಳಿಕೆ ಲಾಭ ಡೆಬಿಟ್, ಆರಂಭದ ದಾಸ್ತಾನು ಕ್ರೆಡಿಟ್ ಮಾಡಿ.

ಖಾತೆಗೀತೆ
3 ಲಕ್ಷಕ್ಕೆ? ನಮ್ಮ ಲಾಭದ 1% ಕೂಡ ಅಲ್ಲ. ನಾನು ಬಿಡ್ತೀನಿ.

ಜಮಾಖರ್ಚು
ಬಿಡಿ. ಆದ್ರೆ ತಪ್ಪುಗಳ ಪಟ್ಟಿಯಲ್ಲಿ ಬರೆದಾದ್ರೂ ಇಡಿ. ಇಂಥ ಐದು ಸಣ್ಣದು ಒಂದೇ ದಿಕ್ಕಿಗೆ ಸೇರಿದ್ರೆ ಆಮೇಲೆ ಹೇಳಿ.

ಹಳೇ_ಗುಮಾಸ್ತ
ಇವರಿಬ್ಬರದ್ದು ಮುಗಿಯೋದಿಲ್ಲ. ತಾಳೆಪಟ್ಟಿಯವರೇ, ತೆರಿಗೆ ಕಡೆ ಏನು ಮಾಡ್ತೀರಿ? ಪುಸ್ತಕದಲ್ಲಿ 2,85,000 ಬಾಕಿ ಬರೆದ ಮಾತ್ರಕ್ಕೆ ತೆರಿಗೆ ಇಲಾಖೆಗೆ ಗೊತ್ತಾಗಲ್ಲ. ಹಳೇ ರಿಟರ್ನ್ ತಿದ್ದಲೇಬೇಕು. ಅಲ್ಲಿ "ಈ ವರ್ಷ ಸೇರಿಸಿ ಕಟ್ತೀನಿ" ಅನ್ನೋದು ಸಾಮಾನ್ಯವಾಗಿ ನಡೆಯೋದಿಲ್ಲ.

ಶಿಲ್ಕುಬಾಕಿ
ಇದು ಗುಮಾಸ್ತರು ನೂರಕ್ಕೆ ನೂರು ಸರಿ ಹೇಳಿದ್ರು. ತಿದ್ದೋಕೆ ಎಷ್ಟು ಸಮಯ ಕೊಡ್ತಾರೆ ಅನ್ನೋದು ಒಂದೊಂದು ಕಡೆ ಒಂದೊಂದು ಥರ, ನಿಮ್ಮ ತೆರಿಗೆ ಸಲಹೆಗಾರರನ್ನು ಇವತ್ತೇ ಕೇಳಿ.

ತಾಳೆಪಟ್ಟಿ
ಎಲ್ಲರಿಗೂ ಥ್ಯಾಂಕ್ಸ್. ಯಜಮಾನರಿಗೆ ಹೇಳಿದೆ. ಮೊದಲು ಕೇಳಿದ್ದು "ಯಾರು ಹಾಕಿದ್ದು ಆ ಎಂಟ್ರಿ?" ಅಂತ. ನಾನೇ 😐

ಆಡಿಟರ್ ಜೊತೆಗೂ ಮಾತಾಡಿದೆ. ಎಂಟ್ರಿ ಶಿಲ್ಕುಬಾಕಿ ಸರ್ ಬರೆದ ಹಾಗೇ. ಟಿಪ್ಪಣಿಯಲ್ಲಿ ತಪ್ಪು ಏನು, ಯಾವ ಸಾಲು ಎಷ್ಟು ಬದಲಾಯಿತು ಅಂತ ಬರೀಬೇಕು, ಮುಂದಿನ ವರ್ಷದ ವರದಿಯಲ್ಲಿ ಅದನ್ನು ಮತ್ತೆ ಹೇಳಬೇಕಿಲ್ಲ ಎಂದರು. ಹೋದ ವರ್ಷದ ಕಾಲಂ ಮೇಲೆ "ತಿದ್ದಿದ್ದು" ಅಂತ ಅಚ್ಚು ಹಾಕ್ತೇವೆ. ರಿಪೇರಿ ಖಾತೆಯ ದೊಡ್ಡ ಬಿಲ್ಲುಗಳನ್ನೆಲ್ಲ ಒಂದು ಸಲ ನೋಡಿ ಅಂತಲೂ ಹೇಳಿದರು, ಒಂದು ಹೀಗಾಗಿದ್ರೆ ಇನ್ನೊಂದು ಇರಬಹುದಂತೆ.

ಒಂದು ಅನುಮಾನ ಉಳಿದಿದೆ. ತಡವಾಗಿ ಕಟ್ಟೋ ತೆರಿಗೆಗೆ ಬಡ್ಡಿ ಬೀಳುತ್ತಲ್ಲ, ಅದೂ ಉಳಿಕೆ ಲಾಭಕ್ಕಾ, ಈ ವರ್ಷಕ್ಕಾ?

ನೀಲಿಶಾಯಿ
ತೆರಿಗೆ ಕಟ್ಟೋ ಕೊನೇ ದಿನ ಈ ವರ್ಷದಲ್ಲಿದ್ದರೆ ಬಡ್ಡಿ ಓಡಿದ್ದೂ ಈ ವರ್ಷವೇ. ಈ ವರ್ಷದ ಖರ್ಚು.

ಹಳೇ_ಗುಮಾಸ್ತ
ಮುಂಗಡ ತೆರಿಗೆ ಕಂತು ಇರೋ ಕಡೆ ಹೋದ ವರ್ಷದಿಂದಲೇ ಬಡ್ಡಿ ಓಡುತ್ತೆ ಮೇಡಂ.

ನೀಲಿಶಾಯಿ
ಹಾಗಿದ್ರೆ ಹೋದ ವರ್ಷದ ಪಾಲು ಆ ಕಡೆಗೆ ಹೋಗಬೇಕೇನೋ. ತಾಳೆಪಟ್ಟಿಯವರೇ, ನಿಮ್ಮಲ್ಲಿ ಕಂತು ಇದೆಯಾ?

ತಾಳೆಪಟ್ಟಿ
ಇದೆ 😩 ರಿಪೇರಿ ಬಿಲ್ಲುಗಳ ಫೈಲ್ ತೆಗೆದು ಕೂತಿದ್ದೀನಿ. ಮೂರನೇ ಬಿಲ್ಲಿನಲ್ಲೇ "ಪಂಪು, ಹೊಸದು" ಅಂತಿದೆ. ಆಮೇಲೆ ಬರ್ತೀನಿ.